ಒಬ್ಬರಿಗೆ ಬರೆದ ಬೀಳ್ಕೊಡುಗೆ ಮಾತು ಇನ್ನೊಬ್ಬರಿಗೆ ಹೊಂದಬಾರದು

ಪ್ರಶ್ನೆ: ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘಕ್ಕೆ ನಾನು ಹೊಸ ಕಾರ್ಯದರ್ಶಿ. ಮುಂದಿನ ಶನಿವಾರ ಹಳೆ ಪದಾಧಿಕಾರಿಗಳಿಗೆ ಬೀಳ್ಕೊಡುಗೆ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಸಾಂಸ್ಕೃತಿಕ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಒಟ್ಟು ಐದು ಜನ. ವೇದಿಕೆ ಮೇಲೆ ಓದೋದು, ನೆನಪಿನ ಕಾಣಿಕೆ ಮೇಲೆ ಹಾಕಿಸೋದು, ಗ್ರೂಪಲ್ಲಿ ಹಾಕೋದು ಎಲ್ಲಾ ನಾನೇ ಬರೀಬೇಕು. ಯಾರ ಬಗ್ಗೆ ಬರೆದರೂ ಶ್ರಮಜೀವಿ, ಸ್ನೇಹಜೀವಿ ಅಂತ ಒಂದೇ ಥರ ಬರ್ತಿದೆ. ಜಂಟಿ ಕಾರ್ಯದರ್ಶಿ ಜೊತೆ ನನಗೆ ಜಗಳ ಬೇರೆ ಆಗಿತ್ತು. ಹೇಗೆ ಬರೀಲಿ ಸರ್?

ಉತ್ತರ: ಬರೆಯುವುದನ್ನು ಇವತ್ತಿಗೆ ನಿಲ್ಲಿಸಿ. ಎರಡು ದಿನ ಸುಮ್ನೆ ವಿಷಯ ಹುಡುಕಿ. ಕೈಯಲ್ಲಿ ವಿಷಯ ಇಲ್ಲದೆ ಹಾಳೆ ಮುಂದೆ ಕೂತರೆ ಯಾರಿಗಾದರೂ ಬರುವುದು ಶ್ರಮಜೀವಿ, ಸ್ನೇಹಜೀವಿ, ಸದಾ ಹಸನ್ಮುಖಿ ಇವೇ. ಕಾಲೇಜು ಸಂಘಗಳ ಬೀಳ್ಕೊಡುಗೆಗಳಲ್ಲಿ ನಾನು ಬಹಳ ವರ್ಷ ನಿರೂಪಣೆ ಮಾಡಿದ್ದೇನೆ, ಹುಡುಗರು ಬರೆದು ತಂದ ಹಾಳೆಗಳನ್ನು ತಿದ್ದಿಯೂ ಕೊಟ್ಟಿದ್ದೇನೆ. ಎಷ್ಟೋ ಹಾಳೆಗಳಲ್ಲಿ ಅಧ್ಯಕ್ಷರ ಹೆಸರು ತೆಗೆದು ಖಜಾಂಚಿ ಹೆಸರು ಹಾಕಿದರೆ ಸಭೆಯಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನೀವೂ ಬರೆದಾದ ಮೇಲೆ ಹಾಗೇ ಹೆಸರು ಅದಲು ಬದಲು ಮಾಡಿ ಓದಿ ನೋಡಿ. ಯಾವ ವಾಕ್ಯ ಇನ್ನೊಬ್ಬರಿಗೂ ಸರಿಹೊಂದುತ್ತದೋ ಅದನ್ನು ಹೊಡೆದು ಹಾಕಿ. ಮೊದಲ ಸಲ ಹಾಗೆ ಮಾಡಿದಾಗ ಇಡೀ ಹಾಳೆ ಖಾಲಿ ಆಗುತ್ತದೆ, ಹೆದರಬೇಡಿ.

ವಿಷಯ ಎಲ್ಲಿ ಸಿಗುತ್ತದೆ? ಜೂನಿಯರ್‌ಗಳ ಹತ್ತಿರ. ಆದರೆ ಅವರನ್ನು ಹೋಗಿ 'ಅಣ್ಣನ ಬಗ್ಗೆ ನಿನಗೇನು ಅನಿಸುತ್ತೆ' ಅಂತ ಕೇಳಿದರೆ 'ತುಂಬಾ ಒಳ್ಳೆಯವರು, ತುಂಬಾ ಸಪೋರ್ಟ್ ಮಾಡ್ತಾರೆ' ಅಂತಾರೆ, ಅಲ್ಲಿಗೆ ಮುಗಿಯಿತು. ಬೇರೆ ಥರ ಕೇಳಬೇಕು. ಅವರು ಇಲ್ಲದಿದ್ದರೆ ಈ ವರ್ಷ ಯಾವ ಕೆಲಸ ನಿಂತುಹೋಗುತ್ತಿತ್ತು? ನಿನಗೆ ಅವರು ಯಾವತ್ತಾದರೂ ಏನಾದರೂ ಕಲಿಸಿದರಾ, ಯಾವ ದಿನ? ಅವರ ಬಾಯಲ್ಲಿ ಯಾವಾಗಲೂ ಬರುವ ಮಾತು ಯಾವುದು? ಇಷ್ಟು ಸಾಕು. ಒಬ್ಬೊಬ್ಬ ಪದಾಧಿಕಾರಿಗೆ ನಾಲ್ಕು ಜನರನ್ನು ಕೇಳಿ, ಅದರಲ್ಲಿ ಒಬ್ಬರಾದರೂ ಮೊದಲ ವರ್ಷದವರಿರಲಿ. ಹಳಬರು ಸ್ನೇಹಿತರ ಬಗ್ಗೆ ಹೇಳುತ್ತಾರೆ, ಹೊಸಬರು ಪದಾಧಿಕಾರಿಯ ಬಗ್ಗೆ ಹೇಳುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು.

ಇನ್ನೊಂದು ಒಳ್ಳೆ ಜಾಗ ನಿಮ್ಮ ಸಂಘದ ವಾಟ್ಸಾಪ್ ಗ್ರೂಪೇ. ರಾಜ್ಯೋತ್ಸವದ ಹಿಂದಿನ ರಾತ್ರಿಗೆ ಹೋಗಿ, ಮೆಸೇಜುಗಳನ್ನು ಸುಮ್ಮನೆ ಕೆಳಗೆ ಓದುತ್ತಾ ಬನ್ನಿ. ಡೊಳ್ಳು ಬರುವ ಗಾಡಿ ಎಲ್ಲಿದೆ, ಬ್ಯಾನರ್‌ನಲ್ಲಿ ಅತಿಥಿ ಹೆಸರು ತಪ್ಪಿದೆ, ಆಡಿಟೋರಿಯಂ ಬೀಗದ ಕೈ ಯಾರ ಹತ್ತಿರ ಇದೆ ಅಂತೆಲ್ಲ ಗಲಾಟೆ ನಡೆಯುತ್ತಿರುವಾಗ ಯಾರು ಏನು ಉತ್ತರ ಕೊಟ್ಟರು ಅಂತ ನೋಡಿ. ಮನುಷ್ಯರು ಅಲ್ಲಿ ಸಿಗುತ್ತಾರೆ. ಶುಭಾಶಯದ ಮೆಸೇಜುಗಳಲ್ಲಿ ಸಿಗುವುದಿಲ್ಲ.

ಈಗ ಒಂದನ್ನು ಪೂರ್ತಿ ಮಾಡಿ ನೋಡೋಣ. ಖಜಾಂಚಿಯನ್ನೇ ತಗೊಳ್ಳಿ, ಯಾಕೆಂದರೆ ಐದರಲ್ಲಿ ಕಷ್ಟದ್ದು ಅದು. ಅವರು ಹಾಡುವುದಿಲ್ಲ, ಕುಣಿಯುವುದಿಲ್ಲ, ಮೈಕ್ ಹಿಡಿಯುವುದಿಲ್ಲ. ನಾನು ಸಲಹೆಗಾರನಾಗಿದ್ದ ಒಂದು ಸಂಘದಲ್ಲಿ ಹುಡುಗರು ಮೊದಲು ಬರೆದು ತಂದಿದ್ದು ಹೀಗಿತ್ತು:

"ನಮ್ಮ ಖಜಾಂಚಿಗಳು ಅತ್ಯಂತ ಪ್ರಾಮಾಣಿಕರು ಹಾಗೂ ಶ್ರಮಜೀವಿಗಳು. ಸಂಘದ ಹಣಕಾಸನ್ನು ಅಚ್ಚುಕಟ್ಟಾಗಿ ನಿಭಾಯಿಸುತ್ತಿದ್ದರು. ಎಲ್ಲರೊಂದಿಗೂ ಪ್ರೀತಿಯಿಂದ ಬೆರೆಯುತ್ತಿದ್ದರು. ಅವರ ಸ್ಥಾನವನ್ನು ತುಂಬುವುದು ಅಸಾಧ್ಯ. ಅವರ ಮುಂದಿನ ಜೀವನ ಸುಖಮಯವಾಗಿರಲಿ ಎಂದು ಹಾರೈಸುತ್ತೇವೆ."

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಖಜಾಂಚಿಯನ್ನು ಮೈಕಿನಲ್ಲಿ 'ಪ್ರಾಮಾಣಿಕರು' ಅಂದ ತಕ್ಷಣ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕನೆ ನಗುತ್ತಾನೆ. ಯಾಕೆ, ಬೇರೆ ಏನಾದರೂ ಇರಬಹುದಿತ್ತಾ ಅಂತ ಅನುಮಾನ ಹುಟ್ಟಿಸುವ ಹೊಗಳಿಕೆ ಅದು. ನಾನು ಆ ಹುಡುಗರಿಗೆ ಹೇಳಿದ್ದು ಇಷ್ಟೇ, ಹೋಗಿ ದುಡ್ಡಿನ ವಿಷಯವಾಗಿ ಅವರ ಜೊತೆ ಕೆಲಸ ಮಾಡಿದವರನ್ನು ಕೇಳಿ. ಮೊದಲ ವರ್ಷದ ಒಬ್ಬ ಹುಡುಗಿ, 'ಅಣ್ಣ ದುಡ್ಡು ಬೇಗ ಕೊಡ್ತಾರೆ' ಅಂದಳಂತೆ. ಹುಡುಗರು ಅದನ್ನೇ ಬರೆದುಕೊಂಡು ಬಂದರು. ಇನ್ನೊಂದು ಸಲ ಕಳಿಸಿದೆ. ಯಾವ ದುಡ್ಡು, ಯಾವತ್ತು, ಕೊಡುವಾಗ ಏನಂದರು? ಆಗ ಇಡೀ ಕತೆ ಹೊರಗೆ ಬಂತು. ಕೊನೆಗೆ ಓದಿದ್ದು ಹೀಗೆ:

"ನಾಟಕದ ವೇಷಭೂಷಣಕ್ಕೆ ಅಂತ ಮೊದಲ ವರ್ಷದ ಹುಡುಗಿಯೊಬ್ಬಳು ತನ್ನ ಕೈಯಿಂದ ದುಡ್ಡು ಹಾಕಿದ್ದಳು. ಕಾಲೇಜಿನಿಂದ ಸಂಘದ ದುಡ್ಡು ಇನ್ನೂ ಬಂದಿರಲಿಲ್ಲ. ಕೇಳೋಕೆ ಅವಳಿಗೆ ಸಂಕೋಚ. ನಾಟಕ ಮುಗಿದ ಮರುದಿನ ಬೆಳಿಗ್ಗೆ ಅವಳ ಅಕೌಂಟಿಗೆ ದುಡ್ಡು ಬಂತು, ಹಿಂದೆಯೇ ಒಂದು ಮೆಸೇಜು: 'ಇನ್ಮೇಲೆ ನಿನ್ನ ದುಡ್ಡು ಹಾಕಬೇಡ, ನನಗೆ ಫೋನ್ ಮಾಡು.' ಈ ವರ್ಷ ನಮ್ಮಲ್ಲಿ ಯಾರ ದುಡ್ಡೂ ಒಂದು ವಾರಕ್ಕಿಂತ ಜಾಸ್ತಿ ಸಂಘದಲ್ಲಿ ಸಿಕ್ಕಿಹಾಕಿಕೊಂಡಿಲ್ಲ. ಬಿಲ್ಲುಗಳ ಫೈಲನ್ನು ನಿನ್ನೆ ನಮ್ಮ ಕೈಗೆ ಕೊಟ್ಟಿದ್ದಾರೆ. ಲೆಕ್ಕ ತಪ್ಪಿದರೆ ನಾವು ಫೋನ್ ಮಾಡೋದು ಅವರಿಗೇ. ನಮ್ಮ ಖಜಾಂಚಿ..."

ಇಲ್ಲಿಗೆ ಹೆಸರು. ಪ್ರಾಮಾಣಿಕ ಅನ್ನುವ ಪದ ಎಲ್ಲೂ ಇಲ್ಲ, ಆದರೆ ಕೇಳಿದವರಿಗೆಲ್ಲ ಅದು ತಿಳಿಯಿತು. ದುಡ್ಡಿನ ಮೊತ್ತ ಹೇಳಲಿಲ್ಲ, ಹುಡುಗಿಯ ಹೆಸರೂ ಹೇಳಲಿಲ್ಲ. ಓದುವ ಮೊದಲು ಅವಳನ್ನು ಕೇಳಿಯೇ ಓದಿದ್ದು, ಇದು ಮುಖ್ಯ. ಜೂನಿಯರ್ ಒಬ್ಬರು ನಿಮಗೆ ನಂಬಿ ಹೇಳಿದ ಕತೆ ಇಡೀ ಆಡಿಟೋರಿಯಂಗೆ ಹೋಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರಬೇಕು.

ಆ ಎರಡು ಹಾಳೆಗಳಲ್ಲಿ ಇನ್ನೊಂದು ವ್ಯತ್ಯಾಸ ಇದೆ, ಮತ್ತೆ ಓದಿ ನೋಡಿ. ಮೊದಲನೆಯದರಲ್ಲಿ ನಿಭಾಯಿಸುತ್ತಿದ್ದರು, ಬೆರೆಯುತ್ತಿದ್ದರು. ಇಂಥ 'ತ್ತಿದ್ದರು' ಸಾಲಾಗಿ ಮೂರು ಬಂದರೆ ಕಿವಿಗೆ ಶ್ರದ್ಧಾಂಜಲಿ ಸಭೆಯ ಥರ ಕೇಳಿಸುತ್ತದೆ. ಪೇಪರಿನಲ್ಲಿ ನಿಧನ ವಾರ್ತೆ ಬರೆಯುವುದೇ ಹೀಗೆ, ಎಲ್ಲರೊಂದಿಗೂ ಬೆರೆಯುತ್ತಿದ್ದರು, ಸದಾ ನಗುತ್ತಿದ್ದರು ಅಂತ. ಪಾಪ, ಆ ಮನುಷ್ಯ ಮುಂದಿನ ಸಾಲಿನಲ್ಲಿ ಕೂತು ಸಮೋಸ ತಿನ್ನುತ್ತಿರುತ್ತಾನೆ! ಅದರ ಮೇಲೆ 'ಅಗಲಿಕೆ', 'ತುಂಬಲಾರದ ನಷ್ಟ', 'ಅವರ ನೆನಪು ಸದಾ ನಮ್ಮೊಂದಿಗಿರುತ್ತದೆ' ಅಂತ ಸೇರಿಸಿಬಿಟ್ಟರೆ ಒಂದು ನಿಮಿಷ ಮೌನ ಆಚರಿಸುವುದೊಂದೇ ಬಾಕಿ. ಇದಕ್ಕೆ ಮದ್ದು ಸುಲಭ. ಒಂದು ದಿನ ನಡೆದದ್ದನ್ನು ಹೇಳುವಾಗ ಮಾಡಿದರು, ಹೇಳಿದರು, ಬಂದರು ಅಂತ ಬರೆಯಿರಿ. ಅವರ ಗುಣ ಹೇಳುವಾಗ ಈಗಿನದಾಗಿಯೇ ಬರೆಯಿರಿ, ಬೇಗ ಸಿಟ್ಟಾಗುತ್ತಾರೆ, ಅಷ್ಟೇ ಬೇಗ ಮರೆಯುತ್ತಾರೆ ಅಂತ. ಮುಗಿದಿರುವುದು ಅವರ ಹುದ್ದೆ ಮಾತ್ರ ಅಲ್ವಾ.

ಹಾಗೇ, ಅವರು ಕಾಲೇಜೇ ಬಿಡುತ್ತಿದ್ದಾರಾ ಅಥವಾ ಬರೀ ಹುದ್ದೆ ಬಿಡುತ್ತಿದ್ದಾರಾ ಅಂತ ಒಬ್ಬೊಬ್ಬರದೂ ಖಚಿತ ಮಾಡಿಕೊಳ್ಳಿ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷ ಪೂರ್ತಿ ಕಾಯದೆ, ಪ್ಲೇಸ್‌ಮೆಂಟ್ ಶುರುವಾಗುತ್ತದೆ ಅಂತ ಮೊದಲೇ ಜವಾಬ್ದಾರಿ ಬಿಟ್ಟುಕೊಡುವುದು ಉಂಟು. ಅಂಥವರಿಗೆ 'ಹೋಗಿ ಬನ್ನಿ, ಕಾಲೇಜು ನಿಮ್ಮನ್ನು ಮರೆಯದು' ಅಂತ ಕಣ್ಣೀರು ಹಾಕಿಸಿ, ಸೋಮವಾರ ಕ್ಯಾಂಟೀನಿನಲ್ಲಿ ಅದೇ ಮುಖ ನೋಡಿದರೆ ಇಬ್ಬರಿಗೂ ಮುಜುಗರ.

ಅಧ್ಯಕ್ಷೆಯ ವಿಷಯದಲ್ಲಿ ತೊಂದರೆ ಉಲ್ಟಾ, ವಿಷಯ ಜಾಸ್ತಿ ಇರುತ್ತದೆ. ಹಾಗಾಗಿ ಎಲ್ಲರೂ ಪಟ್ಟಿ ಓದುತ್ತಾರೆ. ಇವರ ಅವಧಿಯಲ್ಲಿ ರಾಜ್ಯೋತ್ಸವ, ಕವಿಗೋಷ್ಠಿ, ರಸಪ್ರಶ್ನೆ, ಭಾವಗೀತೆ ಸ್ಪರ್ಧೆ ಹೀಗೆ. ಅದು ವಾರ್ಷಿಕ ವರದಿ. ಅದೇ ವೇದಿಕೆಯಲ್ಲಿ ಅರ್ಧ ಗಂಟೆ ಮುಂಚೆ ಯಾರೋ ಅದನ್ನು ಓದಿ ಮುಗಿಸಿರುತ್ತಾರೆ. ಅಧ್ಯಕ್ಷರ ಕೆಲಸ ತೀರ್ಮಾನ ತಗೊಳ್ಳೋದು. ಆದ್ದರಿಂದ ಅವರು ತಗೊಂಡ ಒಂದೇ ಒಂದು ತೀರ್ಮಾನ ಹುಡುಕಿ, ಬೇರೆಯವರಾಗಿದ್ದರೆ ಬೇರೆ ಥರ ಮಾಡುತ್ತಿದ್ದರು ಅನ್ನುವಂಥದ್ದು.

ಬಯಲಲ್ಲಿ ರಾತ್ರಿ 10 ಆದಮೇಲೆ ಮೈಕ್ ಹಾಕುವಂತಿಲ್ಲ ಅನ್ನುವುದು ನಿಮಗೆ ಗೊತ್ತಿದೆ, 2000ದ ಶಬ್ದಮಾಲಿನ್ಯ ನಿಯಮದಲ್ಲೇ ಅದು ಇದೆ. ಬೆಂಗಳೂರಿನಲ್ಲಿ ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು 10 ಗಂಟೆ ಹೊಡೆಯುವುದನ್ನೇ ಕಾಯುತ್ತಿರುತ್ತಾರೆ. ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕಾರ್ಯಕ್ರಮ ತಡವಾಗಿ ಶುರುವಾದ ಒಂದು ರಾಜ್ಯೋತ್ಸವದಲ್ಲಿ ಕೊನೆಗೆ ಉಳಿದದ್ದು ಎರಡೇ, ಅಧ್ಯಕ್ಷ ಭಾಷಣ ಮತ್ತು ಮೊದಲ ವರ್ಷದವರ ಡೊಳ್ಳು ಕುಣಿತ. ಅಧ್ಯಕ್ಷೆ ಏನು ಮಾಡಿದರು ಅನ್ನುವುದು ಅವರ ಬೀಳ್ಕೊಡುಗೆಯ ಮಾತಾಯಿತು:

"ಅವತ್ತು 10ಕ್ಕೆ ಮೈಕ್ ನಿಲ್ಲಬೇಕಿತ್ತು. ಅಕ್ಕನ ಕೈಯಲ್ಲಿ ನಾಲ್ಕು ಪುಟದ ಭಾಷಣ ಇತ್ತು, ಪರದೆ ಹಿಂದೆ ನಾವು ಡೊಳ್ಳು ಕಟ್ಟಿಕೊಂಡು ನಿಂತಿದ್ದೆವು. ಅಕ್ಕ ಮೈಕ್ ಹಿಡಿದು, 'ಎಲ್ಲರಿಗೂ ನಮಸ್ಕಾರ, ನನ್ನ ಭಾಷಣ ಈಗ ಇವರು ಬಾರಿಸುತ್ತಾರೆ' ಅಂತ ಹೇಳಿ ಕೆಳಗೆ ಇಳಿದರು. ಆ ನಾಲ್ಕು ಪುಟ ಇವತ್ತಿನವರೆಗೂ ಯಾರೂ ಕೇಳಿಲ್ಲ. ಅವತ್ತು ಡೊಳ್ಳು ಬಾರಿಸಿದವರಲ್ಲಿ ಮೂರು ಜನ ಈ ವರ್ಷದ ಹೊಸ ಸಮಿತಿಯಲ್ಲಿದ್ದೇವೆ. ನಮ್ಮ ಅಧ್ಯಕ್ಷೆ..."

ಕೊನೆಯ ಎರಡು ವಾಕ್ಯ ಇಲ್ಲದೆಯೂ ಇದು ನಿಲ್ಲುತ್ತದೆ. ಆದರೆ ಅವರು ಮಾಡಿದ್ದರಿಂದ ಸಂಘಕ್ಕೆ ಏನು ಉಳಿಯಿತು ಅನ್ನುವುದು ಬಂದರೆ ಅದು ಸ್ನೇಹಿತೆಗೆ ಹೇಳುವ ಮಾತಾಗದೆ ಪದಾಧಿಕಾರಿಗೆ ಹೇಳುವ ಮಾತಾಗುತ್ತದೆ. ಖಜಾಂಚಿಯದರಲ್ಲಿ ಬಿಲ್ಲುಗಳ ಫೈಲು ಬಂದದ್ದೂ ಅದಕ್ಕೇ.

ಹಳೆ ಕಾರ್ಯದರ್ಶಿ ನಿಮ್ಮ ಹುದ್ದೆಯಲ್ಲೇ ಇದ್ದವರು, ಹಾಗಾಗಿ ಅವರದು ಸುಲಭ. ಕೆಲಸ ವಹಿಸಿಕೊಂಡ ಮೇಲೆ ನಿಮಗೆ ಸಿಕ್ಕಿದ ಪತ್ರ, ನಡಾವಳಿ ಪುಸ್ತಕ, ಫೋನ್ ನಂಬರುಗಳ ಪಟ್ಟಿ, ಇದರಲ್ಲಿ ಯಾವುದರಿಂದ ನಿಮ್ಮ ಕೆಲಸ ಹಗುರಾಯಿತೋ ಅದನ್ನು ಬರೆಯಿರಿ. ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿ ಅವರು ಕೊನೆಯ ಮೂರು ತಿಂಗಳು ಕಾಣಿಸಿಕೊಳ್ಳದಿದ್ದರೆ ಆ ಮೂರು ತಿಂಗಳ ಮಾತೇ ಬೇಡ, ತಮಾಷೆಗೂ ಬೇಡ.

ಸಾಂಸ್ಕೃತಿಕ ಕಾರ್ಯದರ್ಶಿಯ ಬಗ್ಗೆ ಒಂದು ಎಚ್ಚರಿಕೆ. ನಿಮ್ಮವರ ಮನೆಮಾತು ಯಾವುದೋ ನನಗೆ ಗೊತ್ತಿಲ್ಲ. ಆದರೆ ಬೆಂಗಳೂರಿನ ಕನ್ನಡ ಸಂಘಗಳಲ್ಲಿ ತೆಲುಗು, ತಮಿಳು, ಉರ್ದು, ತುಳು, ಕೊಂಕಣಿ ಮನೆಯ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇರುತ್ತಾರೆ, ಎಷ್ಟೋ ಕಡೆ ಸಂಘ ನಡೆಸುವವರೇ ಅವರು. ಬೀಳ್ಕೊಡುಗೆಯಲ್ಲಿ ಅವರಿಗೆ ತಪ್ಪದೆ ಸಿಗುವ ಹೊಗಳಿಕೆ ಒಂದಿದೆ: 'ಮನೆಮಾತು ಬೇರೆಯಾದರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತಾರೆ!' ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ, ನಿಜ. ಆದರೆ ನಾಲ್ಕು ವರ್ಷ ಸಂಘಕ್ಕೆ ದುಡಿದವರಿಗೆ ಕೊನೆಯ ದಿನ ಮೈಕಿನಲ್ಲಿ ನೀನು ಹೊರಗಿನವನು ಅಂತ ನೆನಪಿಸಿದ ಹಾಗಾಗುತ್ತದೆ. ಬೆಂಗಳೂರಲ್ಲೇ ಹುಟ್ಟಿ ಇಲ್ಲೇ ಕನ್ನಡ ಮೀಡಿಯಂನಲ್ಲಿ ಓದಿದ ಒಬ್ಬ ಹುಡುಗ ಇಂಥದ್ದೇ ಮಾತಿಗೆ ವೇದಿಕೆ ಮೇಲೆ ನಕ್ಕು, ಕೆಳಗೆ ಬಂದು ಮುಖ ಸಪ್ಪೆ ಮಾಡಿಕೊಂಡದ್ದನ್ನು ನೋಡಿದ್ದೇನೆ. ಅವರ ನೃತ್ಯದ ಬಗ್ಗೆ, ನಾಟಕದ ತಾಲೀಮಿನ ಬಗ್ಗೆ ಹೇಳಿ. ಮೂರು ವಾರ ತಾಲೀಮು ಮಾಡಿಸಿ ಪ್ರದರ್ಶನದ ದಿನ ಲೈಟಿನ ಹತ್ತಿರ ಕತ್ತಲಲ್ಲಿ ನಿಂತಿದ್ದವರು ಅಂದರೆ ಅವರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಕನ್ನಡ ಈಗಷ್ಟೇ ಕಲಿತು ಸಂಘಕ್ಕೆ ಬಂದವರಾದರೆ ವಿಷಯ ಬೇರೆ. ಅವರೇ ಆ ಕತೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರೆ ನೀವೂ ಹೇಳಬಹುದು.

ಕಾಲೆಳೆಯುವುದಕ್ಕೂ ಇದೇ ಅಳತೆ. ತಮ್ಮ ಬಗ್ಗೆ ಅವರೇ ಹೇಳಿಕೊಂಡು ನಗುವ ವಿಷಯ ಆದರೆ ಮೈಕಿನಲ್ಲಿ ಹೇಳಿ. ಮೀಟಿಂಗಿಗೆ ಯಾವಾಗಲೂ ತಡ, ಫೋನ್ ಚಾರ್ಜ್ ಯಾವಾಗಲೂ ಇರಲ್ಲ, ಪ್ರತಿ ಭಾಷಣವನ್ನೂ 'ಎರಡೇ ಮಾತು' ಅಂತ ಶುರು ಮಾಡಿ ಇಪ್ಪತ್ತು ನಿಮಿಷ ತಗೊಳ್ಳುತ್ತಾರೆ, ಇಂಥದ್ದು. ಪ್ರೀತಿ ಪ್ರೇಮ, ಬ್ಯಾಕ್‌ಲಾಗ್, ಮೈಬಣ್ಣ, ತೂಕ, ಜಾತಿ ಇವು ಬೇಡವೇ ಬೇಡ. ಮುಂದಿನ ಸಾಲಿನಲ್ಲಿ ವಿಭಾಗದ ಮುಖ್ಯಸ್ಥರು ಕೂತಿರುತ್ತಾರೆ, ಒಮ್ಮೊಮ್ಮೆ ಅಪ್ಪ ಅಮ್ಮನೂ ಬಂದಿರುತ್ತಾರೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರ ಮಾತನ್ನು ಅಣಕಿಸಿ ಓದುವುದೂ ಬೇಡ. ಅವರ ಮಾತನ್ನು ಅವರು ಆಡಿದ ಹಾಗೇ ಹೇಳಲು ಬಂದರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಈಗ ಜಂಟಿ ಕಾರ್ಯದರ್ಶಿ. ಜಗಳ ಯಾಕಾಯಿತು ಅಂತ ನೀವು ಬರೆದಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ. ಸಭೆಗೆ ಅದು ಅರ್ಧ ಗೊತ್ತಿರುತ್ತದೆ, ಮತ್ತು ನೀವು ಏನು ಓದುತ್ತೀರಿ ಅಂತ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತದೆ. 'ನಮ್ಮ ನಡುವೆ ಸಣ್ಣಪುಟ್ಟ ಭಿನ್ನಾಭಿಪ್ರಾಯಗಳಿದ್ದರೂ' ಅಂತ ಶುರು ಮಾಡಿದರೆ ಗೊತ್ತಿಲ್ಲದವರಿಗೂ ಗೊತ್ತಾಯಿತು. ವೇದಿಕೆ ಮೇಲೆ ಕ್ಷಮೆ ಕೇಳಿದರೆ ಇನ್ನೂ ಕಷ್ಟ, ಏಕೆಂದರೆ ಇನ್ನೂರು ಜನರ ಮುಂದೆ 'ಪರವಾಗಿಲ್ಲ' ಅನ್ನದೆ ಅವರಿಗೆ ಬೇರೆ ದಾರಿಯೇ ಇರುವುದಿಲ್ಲ. ಜಾಸ್ತಿ ಹೊಗಳಿದರೆ ನಾಟಕ ಅನಿಸುತ್ತದೆ, ಕಡಿಮೆ ಬರೆದರೆ ಸಿಟ್ಟು ತೀರಿಸಿಕೊಂಡ ಹಾಗೆ ಕಾಣುತ್ತದೆ. ಜನ ಪದ ಎಣಿಸುವುದಿಲ್ಲ, ಆದರೆ ನಾಲ್ಕು ಜನಕ್ಕೆ ಮುಕ್ಕಾಲು ನಿಮಿಷ, ಒಬ್ಬರಿಗೆ ಹತ್ತು ಸೆಕೆಂಡ್ ಆದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಆದ್ದರಿಂದ ಉಳಿದ ನಾಲ್ಕರಷ್ಟೇ ಉದ್ದ ಬರೆಯಿರಿ. ವಿಷಯವನ್ನು ನೀವು ಹುಡುಕಬೇಡಿ. ಅವರ ಜೊತೆ ಚೆನ್ನಾಗಿದ್ದ ಇಬ್ಬರು ಜೂನಿಯರ್‌ಗಳ ಹತ್ತಿರ ಕೇಳಿ ತಗೊಳ್ಳಿ, ಓದುವುದನ್ನೂ ಅವರಲ್ಲೇ ಒಬ್ಬರಿಗೆ ಕೊಡಿ. ಆದರೆ ಹಾಗೆ ಮಾಡಿದರೆ ಉಳಿದ ನಾಲ್ಕನ್ನೂ ಬೇರೆ ಬೇರೆಯವರು ಓದಲಿ, ಇಲ್ಲದಿದ್ದರೆ ಇವರದ್ದನ್ನು ಮಾತ್ರ ನೀವು ತಪ್ಪಿಸಿಕೊಂಡಿರಿ ಅಂತಾಗುತ್ತದೆ. ಬರೆಯುವಾಗ ನೀವು ನಿಜ ಅಂತ ಒಪ್ಪುವ ಮಾತನ್ನೇ ಬರೆಯಿರಿ. ಜಗಳ ಆಡುವವರಲ್ಲಿ ಸಾಮಾನ್ಯವಾಗಿ ಒಂದು ಗುಣ ಇರುತ್ತದೆ, ಕೆಲಸ ಕೆಟ್ಟರೆ ಅವರಿಗೆ ಸಹಿಸಲು ಆಗುವುದಿಲ್ಲ. ಹೀಗೆ ಬರೆಯಬಹುದು, ವಿವರ ನಿಮ್ಮದು ಹಾಕಿಕೊಳ್ಳಿ:

"ಕರಪತ್ರ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಎಲ್ಲರೂ ಸರಿ ಇದೆ ಅಂದೆವು. ಒಬ್ಬರು ಮಾತ್ರ ಸರಿ ಇಲ್ಲ ಅಂದರು. ನಮಗೆ ಸಿಟ್ಟು ಬಂತು. ಬೆಳಿಗ್ಗೆ ನೋಡಿದರೆ ಮುಖ್ಯ ಅತಿಥಿಗಳ ಊರೇ ತಪ್ಪಾಗಿತ್ತು. ಈ ಸಲದಿಂದ ನಮ್ಮ ಯಾವ ಕರಪತ್ರವೂ ಇಬ್ಬರು ಓದಿ ಸಹಿ ಹಾಕದೆ ಅಚ್ಚಿಗೆ ಹೋಗುವುದಿಲ್ಲ. ಆ ಅಭ್ಯಾಸ ಮಾಡಿಸಿದವರು..."

ಇದರಲ್ಲಿ ಜಗಳ ಇದೆ, ಆದರೆ ಅದು ಇಡೀ ತಂಡದ ಜಗಳ, ಮತ್ತು ಅದರಲ್ಲಿ ಗೆದ್ದವರು ಅವರು. ನಿಮ್ಮಿಬ್ಬರ ನಡುವಿನದನ್ನು ಸರಿ ಮಾಡಿಕೊಳ್ಳುವ ಮನಸ್ಸಿದ್ದರೆ ಶುಕ್ರವಾರ ಅವರಿಗೇ ಒಂದು ಮೆಸೇಜು ಹಾಕಿ, ಅಥವಾ ಒಂದು ಕಾಫಿಗೆ ಕರೆಯಿರಿ. ಮನಸ್ಸಿಲ್ಲದಿದ್ದರೆ ಅದೂ ಬೇಡ. ವೇದಿಕೆಯ ಮಾತು ಸಂಘದ್ದು, ನಿಮ್ಮದಲ್ಲ.

ಉದ್ದ ಎಷ್ಟಿರಬೇಕು ಅಂತ ಕೇಳಬಹುದು. ವೇದಿಕೆಗೆ ಒಬ್ಬರಿಗೆ 50ರಿಂದ 70 ಪದ ಸಾಕು. ಕನ್ನಡದ ಪದಗಳು ಉದ್ದ, ಮೈಕಿನಲ್ಲಿ ನಿಧಾನವಾಗಿ ಓದಿದರೆ ಅಷ್ಟಕ್ಕೆ ಮುಕ್ಕಾಲು ನಿಮಿಷದ ಹತ್ತಿರ ಆಗುತ್ತದೆ. ಶಾಲು, ಪೇಟ, ಹಾರ, ಫೋಟೊ ಅಂತ ಒಬ್ಬೊಬ್ಬರಿಗೆ ಇನ್ನೊಂದು ನಿಮಿಷ. ಐದು ಜನಕ್ಕೆ ಹತ್ತು ನಿಮಿಷದ ಒಳಗೆ ಮುಗಿಯಬೇಕು. ಓದುವ ಸಮಯವೂ ಮುಖ್ಯ. ಬಹಳ ಕಡೆ ಮೊದಲು ವೇದಿಕೆಗೆ ಕರೆದು, ಶಾಲು ಹೊದಿಸಿ, ಆಮೇಲೆ ಓದುತ್ತಾರೆ. ಆ ಮನುಷ್ಯ ಪೇಟ ಜಾರುತ್ತಿದ್ದರೂ ಮುಟ್ಟಲಾಗದೆ ಹಣ್ಣಿನ ಬುಟ್ಟಿ ಹಿಡಿದು ನಿಂತಿರುತ್ತಾನೆ, ಫೋಟೊದವನು ಅಡ್ಡ ಬರುತ್ತಾನೆ, ಓದಿದ್ದು ಯಾರಿಗೂ ಕೇಳಿಸುವುದಿಲ್ಲ. ಅವರು ಕುರ್ಚಿಯಲ್ಲಿ ಕೂತಿರುವಾಗಲೇ ಓದಿ. ಮೇಲೆ ಕೊಟ್ಟ ಮಾದರಿಗಳಲ್ಲಿ ಹೆಸರು ಕೊನೆಗೆ ಇಟ್ಟಿರುವುದು ಅದಕ್ಕೇ. ಹೆಸರು ಬಂದ ತಕ್ಷಣ ಚಪ್ಪಾಳೆ ಬೀಳುತ್ತದೆ, ಆ ಚಪ್ಪಾಳೆಯಲ್ಲಿ ಅವರು ಎದ್ದು ವೇದಿಕೆಗೆ ಬರುತ್ತಾರೆ.

ಬಿನ್ನವತ್ತಳೆ ಬರೆಸಿ ಚೌಕಟ್ಟು ಹಾಕಿಸೋಣ ಅಂತ ನಿಮ್ಮ ಸಂಘದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಿವೃತ್ತರಾಗುವ ಮೇಷ್ಟ್ರಿಗೆ, ಹಿರಿಯ ಕಲಾವಿದರಿಗೆ ಚೆನ್ನಾಗಿ ಒಪ್ಪುತ್ತದೆ. ಇಪ್ಪತ್ತೊಂದು ವರ್ಷದ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು 'ಮಾನ್ಯರೇ, ಸರಸ್ವತಿಯ ವರಪುತ್ರರೇ' ಅಂತ ಓದಿದರೆ ಅವನಿಗೇ ನಗು ಬರುತ್ತದೆ.

ವೇದಿಕೆಯಲ್ಲಿ ಎಲ್ಲರಿಗೂ ಅವರು, ಅಣ್ಣ, ಅಕ್ಕ. ಗ್ರೂಪಿಗೆ ಹಾಕುವ ಮೆಸೇಜಿನಲ್ಲಿ ನೇರವಾಗಿ ಅವರಿಗೇ ಹೇಳುತ್ತೀರಿ, ಅಲ್ಲಿ ನೀವು ಅನ್ನುತ್ತೀರಾ ನೀನು ಅನ್ನುತ್ತೀರಾ ಅಂತ ಮೊದಲೇ ತೀರ್ಮಾನ ಮಾಡಿ. ಮಾಮೂಲಿ ಮಾತಿನಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಇರಲಿ. 'ನೀವು ನಮಗೆ ದಾರಿ ತೋರಿಸಿದ್ರಿ ಅಣ್ಣ, ಇನ್ಮೇಲೆ ನಿನ್ನ ಬೈಗುಳ ಮಿಸ್ ಮಾಡ್ಕೋತೀವಿ' ಅಂತ ಒಂದೇ ಮೆಸೇಜಿನಲ್ಲಿ ಎರಡೂ ಬಂದರೆ ಎರಡು ಜನ ಬರೆದ ಹಾಗಿರುತ್ತದೆ. ವೇದಿಕೆಯಲ್ಲಿ ಓದಿದ್ದನ್ನು ಗ್ರೂಪಿನಲ್ಲಿ ಮತ್ತೆ ಅಂಟಿಸಬೇಡಿ. ಐದೂ ಜನಕ್ಕೆ ಸೇರಿ ಸಂಘದಿಂದ ಒಂದು ನಾಲ್ಕು ಸಾಲು ಸಾಕು, ಅದನ್ನು ಫೋಟೊಗಳ ಪ್ರವಾಹ ಶುರುವಾಗುವ ಮೊದಲು ಹಾಕಿ. ಜೂನಿಯರ್‌ಗಳು ಹೇಳಿದ ಕತೆಗಳಲ್ಲಿ ವೇದಿಕೆಗೆ ಬಳಸದೆ ಉಳಿದದ್ದು ಇರುತ್ತದಲ್ಲ, ಅದನ್ನು ಆಯಾ ಜನಕ್ಕೆ ಬೇರೆಯಾಗಿ ಕಳಿಸಿ. ಎಷ್ಟೋ ಸಲ ಅವರು ಇಟ್ಟುಕೊಳ್ಳುವುದು ಆ ಮೆಸೇಜನ್ನೇ.

ಇನ್ನು ನೆನಪಿನ ಕಾಣಿಕೆ. ಇದರಲ್ಲಿ ಬರವಣಿಗೆಗಿಂತ ಅಚ್ಚಿನದೇ ತಲೆನೋವು. ಅಕ್ರಿಲಿಕ್ ಅಥವಾ ಮರದ ಫಲಕದಲ್ಲಿ ಸಂಘದ ಹೆಸರು, ವ್ಯಕ್ತಿಯ ಹೆಸರು, ಹುದ್ದೆ, ವರ್ಷ ಹಾಕಿದ ಮೇಲೆ ಉಳಿಯುವುದು ಒಂದೇ ಸಾಲಿನ ಜಾಗ, ಎಂಟು ಹತ್ತು ಪದ. ವೇದಿಕೆಯ ಮಾತಿನಿಂದಲೇ ಒಂದು ತುಣುಕು ತಗೊಳ್ಳಿ. ಆ ಖಜಾಂಚಿಯ ಫಲಕದ ಮೇಲೆ 'ನನಗೆ ಫೋನ್ ಮಾಡು' ಅಂತ ಅಷ್ಟೇ ಇತ್ತು. ಹೊರಗಿನವರಿಗೆ ಅರ್ಥ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ಮಾಡಿಸಿದರೂ ಸರಿ, ಕಾಲೇಜಿನ ಹತ್ತಿರದ ಅಂಗಡಿಯಾದರೂ ಸರಿ, ನೀವು ಫೋನಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್. ಎಷ್ಟೋ ಅಂಗಡಿಗಳಲ್ಲಿ ಇನ್ನೂ ಇರುವುದು ನುಡಿ, ಬರಹದ ಹಳೆ ಫಾಂಟುಗಳು. ನಿಮ್ಮ ಅಕ್ಷರ ಅಲ್ಲಿ ಸರಿಯಾಗಿ ಮೂಡದೆ ಅಂಗಡಿಯವರು ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಾರೆ. ಒತ್ತಕ್ಷರ ಪಕ್ಕಕ್ಕೆ ಜಾರುವುದು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗುವುದು ಇಲ್ಲೇ. 'ಕಾರ್ಯದರ್ಶಿ'ಯಲ್ಲಿ ಅರ್ಕಾವತ್ತು ಎರಡಿದೆ, ನಿಮ್ಮ ಐದು ಫಲಕಗಳಲ್ಲಿ ಮೂರರ ಮೇಲೆ ಆ ಪದ ಬರುತ್ತದೆ. ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು ಅಂಕಿ ಹಾಕಿ 'ಕಾಯ೯ದಶಿ೯' ಅಂತ ಕೆತ್ತಿದ ಫಲಕಗಳು ಊರ ತುಂಬಾ ಇವೆ. ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ. ಆ ಗುರುತು ಅಕ್ಷರಗಳಷ್ಟೇ ದೊಡ್ಡದಾಗಿ, ಸ್ವಲ್ಪ ಬಿಟ್ಟು ನಿಂತಿದ್ದರೆ ಅದು ಒಂಬತ್ತು ಅಂತ ತಿಳಿಯಿರಿ.

ಹಾಗಾಗಿ ಬರೀ ಮೆಸೇಜು ಕಳಿಸಬೇಡಿ, ಕಂಪ್ಯೂಟರಿನಲ್ಲಿ ಜೋಡಿಸಿ ಪಿಡಿಎಫ್ ಮಾಡಿ ಕೊಡಿ, ಅದನ್ನೇ ಚಿತ್ರದ ಹಾಗೆ ಇಟ್ಟು ಕೆತ್ತಲು ಹೇಳಿ. ಕೆತ್ತುವ ಮೊದಲು ಪ್ರೂಫಿನ ಫೋಟೊ ಕೇಳಿ, ಐದು ಹೆಸರುಗಳನ್ನು ಆಯಾ ಜನರ ಹತ್ತಿರದ ಸ್ನೇಹಿತರಿಗೆ ತೋರಿಸಿ. ಹೆಸರಿನಲ್ಲಿ ಶ ಇದೆಯೋ ಷ ಇದೆಯೋ, ಇನಿಶಿಯಲ್ ಮೊದಲೋ ಕೊನೆಗೋ ಅನ್ನುವುದು ಅವರಿಗೇ ಗೊತ್ತಿರುತ್ತದೆ. ಶನಿವಾರಕ್ಕೆ ಬೇಕೆಂದರೆ ಮಂಗಳವಾರದೊಳಗೆ ಕೊಡಬೇಕು. ಬುಧವಾರ ರಾತ್ರಿಯಾದರೂ ಸರಿಯಾದ ಪ್ರೂಫ್ ಬರದಿದ್ದರೆ ಆ ಒಂದು ಸಾಲು ಬಿಟ್ಟುಬಿಡಿ. ಫಲಕದ ಮೇಲೆ ಹೆಸರು, ಹುದ್ದೆ, ವರ್ಷ ಮಾತ್ರ ಇರಲಿ. ಸಾಲನ್ನು ಕೈಬರಹ ಚೆನ್ನಾಗಿರುವ ಯಾರಿಂದಾದರೂ ಒಂದು ಕಾರ್ಡಿನ ಮೇಲೆ ಬರೆಸಿ, ಅದೇ ಡಬ್ಬಿಯಲ್ಲಿಟ್ಟು ಕೊಡಿ.